ವೀರ್ಯ ಪರೀಕ್ಷೆಯ ವರದಿಯಲ್ಲಿನ ಗೆರೆ

ಬಶೀರಾಬಾದಿನ ತರುಣನೊಬ್ಬ ತಾಂಡೂರಿನಿಂದ ವೀರ್ಯ ಪರೀಕ್ಷೆಯ ವರದಿ ತಂದನೆಂದು ಭಾವಿಸಬಹುದು. ಪ್ರಮಾಣ 3 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ ವೀರ್ಯಾಣುಗಳು 1 ಕೋಟಿ 40 ಲಕ್ಷ, ಚಲಿಸುವವು ಶೇ. 45, ಸಹಜ ಆಕಾರದವು ಶೇ. 4. ಎಣಿಕೆಯ ಎದುರು ‘ಕಡಿಮೆ’ ಎಂಬ ಗುರುತು. ಮನೆಯವರ ಕಣ್ಣಿಗೆ ಅದೊಂದೇ ಬೀಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿಗಳು ಕ್ರಮವಾಗಿ 1.4 ಮಿಲಿಲೀಟರ್, 1 ಕೋಟಿ 60 ಲಕ್ಷ, ಶೇ. 42 ಮತ್ತು ಶೇ. 4. ಒಂದು ವರ್ಷದೊಳಗೆ ಪತ್ನಿ ಗರ್ಭ ಧರಿಸಿದ ಪುರುಷರ ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿ, ನೂರರಲ್ಲಿ ಐದನೆಯವನ ಬಳಿ ಈ ಗೆರೆಯನ್ನು ಎಳೆಯಲಾಗಿದೆ. ಗೆರೆಯ ಕೆಳಗಿದ್ದವರೂ ತಂದೆಯರಾದವರೇ! ಗೆರೆಯ ಮೇಲಿರುವುದರಿಂದ ಸಂತಾನ ಖಚಿತವೆಂದೂ ಅಲ್ಲ. ಆಕಾರದ ಮಾಪನವಂತೂ ಬಹು ಕಠಿಣ. ನೂರರಲ್ಲಿ 96 ವಿಕಾರವೆಂದು ಓದಿ ಎದೆಗುಂದಬೇಕಿಲ್ಲ.

ಎಣಿಕೆಯನ್ನು ಪ್ರಮಾಣದಿಂದ ಗುಣಿಸಿದರೆ ಈತನ ಒಟ್ಟು ಸಂಖ್ಯೆ 4 ಕೋಟಿ 20 ಲಕ್ಷ. ಒಟ್ಟು ಸಂಖ್ಯೆಯ ಕೆಳಮಿತಿ 3 ಕೋಟಿ 90 ಲಕ್ಷ. ದ್ರವ ಹೆಚ್ಚಿದ್ದುದರಿಂದ ಸಾಂದ್ರತೆ ತೆಳುವಾಗಿ ಕಂಡಿದೆ, ಅಷ್ಟೆ.

ಪ್ರಮಾಣ ತೀರ ಕಡಿಮೆ ಬಂದಲ್ಲಿ ಮೊದಲು ಕೇಳಬೇಕಾದುದು, ಮಾದರಿಯ ಆರಂಭದ ಭಾಗ ಪಾತ್ರೆಯ ಹೊರಗೆ ಬಿತ್ತೇ ಎಂದು. ವೀರ್ಯಾಣುಗಳು ಹೆಚ್ಚಾಗಿ ಆ ಭಾಗದಲ್ಲಿಯೇ ಇರುತ್ತವೆ. ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ಹಿಂದಿನ ತೀವ್ರ ಜ್ವರವೂ ಇಂದಿನ ವರದಿಯನ್ನು ಕುಗ್ಗಿಸಬಲ್ಲದು. ಅಂತಹ ಸಂದರ್ಭದಲ್ಲಿ ಮೂರು ತಿಂಗಳು ಕಳೆದು, 2ರಿಂದ 7 ದಿನಗಳ ಸಂಯಮದ ಬಳಿಕ, ಎರಡನೆಯ ಮಾದರಿ ಕೊಡುವುದು ಯುಕ್ತ. ಒಂದೂ ವೀರ್ಯಾಣು ಕಾಣದಿದ್ದರೆ ಮಾತ್ರ ಕಾಯದೆ ತಜ್ಞರನ್ನು ಕಾಣತಕ್ಕದ್ದು.