ಕೀಬೋರ್ಡಿಗೆ ಫೋಟೋ ಯಾಕ್ರೀ ಬೇಕು?

ನಮ್ಮ ಗದಗಿನ ವೈನಿ ಎರಡು ತಿಂಗಳಿಂದ ಗ್ರೂಪಿನ್ಯಾಗ ಬರೇ ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ತಿದ್ರು. ನೀವೂ ನೋಡಿರಬೇಕು. ಯಾರಿಗಾದ್ರೂ ಆರಾಮಿಲ್ಲಂದ್ರೂ ಹೆಬ್ಬೆಟ್ಟು, ಯಾರ ಮನ್ಯಾಗಾದ್ರೂ ತೊಟ್ಟಿಲ ಕಾರ್ಯಕ್ರಮ ಇದ್ರೂ ಹೆಬ್ಬೆಟ್ಟು. ಮೊದಲು ಹಂಗಿರಲಿಲ್ಲ ಅವರು. ಚಟ್ನಿಪುಡಿಗೆ ಎಷ್ಟು ಶೇಂಗಾ, ಎಷ್ಟು ಬೆಳ್ಳುಳ್ಳಿ ಅಂತ ಕೇಳಿದ್ರ ಹತ್ತು ಸಾಲು ಕನ್ನಡದಾಗ ಬರೀತಿದ್ರು.

ಆಗಿದ್ದು ಏನಂದ್ರ, ಮೊಮ್ಮಗಳ ಹುಟ್ಟಿದ ಹಬ್ಬಕ್ಕ ಎಲ್ಲಾರೂ ಹರಸಿದ್ವಿ. ಅದಕ್ಕ ವೈನಿ "ಎಲ್ಲರಿಗೂ ದನ್ಯವಾದ" ಅಂತ ಬರೆದ್ರು. ಧ ಬದಲು ದ ಬಿತ್ತು. "ದನ ಎಲ್ಲಿಂದ ಬಂತು, ಅಜ್ಜಿ?" ಅಂತ ಹುಡುಗ್ರು ನಕ್ಕವು. ನಾವು ದೊಡ್ಡವರೂ ನಗೋ ಮುಖ ಒತ್ತಿದ್ವಿ. ನಾನೂ ಒತ್ತಿದೆ, ಸುಳ್ಳು ಯಾಕ ಹೇಳ್ಲಿ. ಅವತ್ತಿಂದ ವೈನಿ ಬರೆಯೋದು ಬಿಟ್ರು.

ಹೋದ ವಾರ ಗದಗಿಗೆ ಹೋಗಿದ್ದೆ. ಅವರ ಫೋನ್ ಕೈಯಾಗ ತಗೊಂಡು ಕೀಬೋರ್ಡ್ ತೆಗೆದು ನೋಡಿದೆ ನೋಡ್ರಿ, ನನ್ನ ಕಣ್ಣಿಗೇ ಅಕ್ಷರ ಕಾಣಲಿಲ್ಲ. ಕೀಗಳ ಹಿಂದ ಮೊಮ್ಮಗಳ ಫೋಟೋ. ಕೆಂಪು ಫ್ರಾಕ್, ಹಳದಿ ಹೂವು, ಬಿಳಿ ಗ್ವಾಡಿ. ಅದರ ಮ್ಯಾಲೆ ಬಿಳಿ ಅಕ್ಷರ. ಗ್ವಾಡಿ ಇದ್ದ ಕಡೆ ಅಕ್ಷರ ಮಾಯ, ಫ್ರಾಕ್ ಇದ್ದ ಕಡೆ ಅರ್ಧ ಕಾಣ್ತಾವ. ಮಗ ಪ್ರೀತಿಯಿಂದ ಹಾಕಿಕೊಟ್ಟಾನ, ಅವನದೇನೂ ತಪ್ಪಿಲ್ಲ. ಆದ್ರ ಬರೆಯೋರು ಯಾರು, ಅವರ ಕಣ್ಣು ಎಂಥಾದ್ದು ಅಂತ ಅವ ಕೇಳಿಲ್ಲ.

ನನ್ನ ಮಾತು ಇಷ್ಟ. ಕನ್ನಡದ ಕೀಬೋರ್ಡಿಗೆ ಬಣ್ಣ ಅನ್ನೋದು ಶೃಂಗಾರದ ಮಾತಲ್ಲ. ಇಂಗ್ಲಿಷಿನ್ಯಾಗ ಎ, ಬಿ, ಸಿ ಒಂದಕ್ಕೊಂದು ಸಂಬಂಧ ಇಲ್ಲದಂಗ ಇರ್ತಾವ, ಅರ್ಧ ಕಂಡ್ರೂ ಗುರುತು ಸಿಗ್ತದ. ನಮ್ಮ ಅಕ್ಷರ ಹಂಗಲ್ಲ. ದ ಮತ್ತ ಧ ನಡುವೆ ಇರೋದು ಕೆಳಗ ಒಂದು ಸಣ್ಣ ಗೀಟು. ಪ ಮತ್ತ ಫ ನಡುವೆನೂ ಅದೇ ಗೀಟು. ಪ ಹೊಟ್ಟಿಯೊಳಗ ಒಂದು ಗೆರೆ ಎಳೆದ್ರ ಷ. ರ ನಡುವೆ ಒಂದು ಚುಕ್ಕಿ ಇಟ್ರ ಠ. ಕೀ ಮ್ಯಾಲೆ ಆ ಗೀಟು ಎಳ್ಳಿನಷ್ಟೂ ದೊಡ್ಡದಿರಂಗಿಲ್ಲ. ಅದು ಫೋಟೋದ ಹೂವಿನ ಮ್ಯಾಲೆ ಬಿತ್ತಂದ್ರ ಮುಗೀತು. ಅದರ ಮ್ಯಾಲೆ ದ ಮತ್ತ ಧ ಆಜುಬಾಜು ಮನಿಯವರು. ಕಣ್ಣಿಗೆ ಗುರುತು ಸಿಗದಿದ್ರ ಬೆರಳು ಬಾಜು ಮನಿಗೆ ಹೋಗ್ತದ. ವೈನಿಗೆ ಕನ್ನಡ ಬರ್ತಿರಲಿಲ್ಲ ಅಂತಲ್ಲ, ಧ ಕಾಣ್ತಿರಲಿಲ್ಲ.

ಇಬ್ಬರೂ ಪಡಸಾಲಿಯಾಗ ಕೂತು ಸರಿ ಮಾಡಿದ್ವಿ. ಫೋನ್ ಅವರ ಕೈಯಾಗೇ ಇತ್ತು, ನಾ ಬರೇ ಹೇಳ್ಕೋತ ಹೋದೆ. ನಮ್ಮಲ್ಲಿ ಬಹಳ ಮಂದಿ ಫೋನಿನ್ಯಾಗ ಇರೋದು ಗೂಗಲ್‌ನವರ ಜಿಬೋರ್ಡು, ಅದರದೇ ಹೇಳ್ತೀನಿ. ಮೆಸೇಜ್ ಬರೆಯೋ ಜಾಗಾ ಮುಟ್ಟಿದ್ರ ಕೀಬೋರ್ಡ್ ಏಳ್ತದಲ್ಲ, ಅದರ ಮ್ಯಾಲಿನ ಪಟ್ಟಿಯೊಳಗ ನಾಲ್ಕು ಸಣ್ಣ ಚೌಕದ ಗುರುತು ಇರ್ತದ. ಅದನ್ನ ಒತ್ತಿದ್ರ ಹಲ್ಲಿನ ಚಕ್ರದಂಥಾ Settings ಸಿಗ್ತದ. ಕೆಲವರ ಫೋನಿನ್ಯಾಗ ಆ ಚಕ್ರ ಪಟ್ಟಿಯೊಳಗೇ ಕಾಣ್ತದ. ಅದರೊಳಗ Theme ಅಂತ ಅದ.

Theme ಒಳಗ ಫೋಟೋ, ಗುಡ್ಡ, ಸಮುದ್ರ, ಎರಡು ಬಣ್ಣ ಕೂಡಿಸಿದ್ದು, ಎಲ್ಲಾ ಅವ. ಅವನ್ನೆಲ್ಲಾ ದಾಟಿ Colors ಅನ್ನೋ ಸಾಲಿಗೆ ಹೋಗ್ರಿ, ಅಲ್ಲಿ ಒಂದೇ ಬಣ್ಣದ ಬೋರ್ಡುಗಳು ಇರ್ತಾವ. ಇಲ್ಲೆ ಒಂದು ಮಾತು ತಿಳ್ಕೋಬೇಕು. ಕೀಗೆ ಒಂದು ಬಣ್ಣ, ಅಕ್ಷರಕ್ಕ ಇನ್ನೊಂದು ಅಂತ ಬ್ಯಾರೆ ಬ್ಯಾರೆ ಆರಿಸ್ಲಿಕ್ಕೆ ಇದರಾಗ ಬರಂಗಿಲ್ಲ. ಥೀಮ್ ಆರಿಸಿದ್ರ ಎರಡೂ ಕೂಡೇ ಬರ್ತಾವ, ಸೀರಿ ಜೋಡಿ ಬ್ಲೌಸ್ ಪೀಸ್ ಬಂದಂಗ. ಅದಕ್ಕ ಹಿಂದಿನ ಬಣ್ಣ ನೋಡಿ ಮಳ್ಳಾಗಬಾರದು, ಅಕ್ಷರ ಎದ್ದು ಕಾಣ್ತದೋ ಇಲ್ಲೋ ಅಂತ ನೋಡಬೇಕು.

ಒಂದು ಥೀಮ್ ಮುಟ್ಟಿದ ಕೂಡಲೇ ಕೆಳಗ ನಮೂನಿ ತೋರಿಸ್ತದ, ಅಲ್ಲೇ Key borders ಅಂತ ಇರ್ತದ. ಅದನ್ನ ಚಾಲೂ ಮಾಡಿ Apply ಒತ್ರಿ. ಇದು ಮಾಡಿದ್ರ ಪ್ರತಿ ಕೀ ಸುತ್ತ ಚೌಕಟ್ಟು ಬರ್ತದ, ಒಂದು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಸುರು ಆತು ಅಂತ ಗೊತ್ತಾಗ್ತದ. ವೈನಿ ಬೋರ್ಡಿನ್ಯಾಗ ಇದು ಬಂದಿತ್ತು, ಅಕ್ಷರ ಗಾಳಿಯೊಳಗ ತೇಲಾಡಿದಂಗ ಕಾಣ್ತಿದ್ವು. ಬಂದಿತ್ತು ಅಂದ್ರ ಬಂದ್ ಇತ್ತು, ಮತ್ತ ತಪ್ಪು ತಿಳ್ಕೋಬ್ಯಾಡ್ರಿ.

ಬಣ್ಣದಾಗ ನಾ ಒಂದು ಸಲ ಎಡವಿದೆ. ನನಗ ಬಿಳಿ ಬೋರ್ಡಿನ ಮ್ಯಾಲೆ ಕರಿ ಅಕ್ಷರ ಭಾಳ ಚಲೋ ಕಾಣ್ತದ, ಪುಸ್ತಕ ಓದಿದಂಗ. ಅದನ್ನೇ ವೈನಿಗೂ ಹಾಕಿಸಿದೆ. ಐದು ನಿಮಿಷದಾಗ ಕಣ್ಣು ಕಿರಿದು ಮಾಡ್ಕೊಂಡು "ಇದು ಚುಚ್ತದವಾ, ಟ್ಯೂಬ್‌ಲೈಟ್ ನೋಡಿದಂಗ ಆಗ್ತದ" ಅಂದ್ರು. ಅವರ ಒಂದು ಕಣ್ಣಿನ್ಯಾಗ ಪೊರೆ ಅದ, ಇನ್ನೂ ಆಪರೇಶನ್ ಆಗಿಲ್ಲ. ಪೊರೆ ಇದ್ದ ಕಣ್ಣಿಗೆ ಬಿಳಿ ಬೆಳಕು ಹರಡಿ ಕಣ್ಣು ಕೋರೈಸ್ತದ. ಅದಕ್ಕ ಕರಿ ಬೋರ್ಡು, ಬಿಳಿ ಅಕ್ಷರ ಹಾಕಿದ್ವಿ. "ಹಾಂ, ಈಗ ಕಾಣ್ತದ" ಅಂದ್ರು. ಆದ್ರ ಅದೇ ಫೋನ್ ಹಿಡ್ಕೊಂಡು ಹೊರಗ ಕಟ್ಟಿ ಮ್ಯಾಲೆ ಬಿಸಿಲಿಗೆ ಕೂತ್ರ ಕರಿ ಬೋರ್ಡ್ ಕನ್ನಡಿ ಆಗಿ ನಮ್ಮ ಮುಖಾನೇ ಕಾಣ್ತದ. ವೈನಿ ಬರೆಯೋದು ಹೆಚ್ಚಾಗಿ ರಾತ್ರಿ ಊಟ ಆದಮ್ಯಾಲೆ ಒಳಗ ಕೂತು, ಅದಕ್ಕ ಅವರಿಗೆ ಕರಿನೇ ಸರಿ. ನೀವು ಬಿಸಿಲಾಗ ಬರೆಯೋರಿದ್ರ, ಕಣ್ಣಿನ್ಯಾಗ ಪೊರೆ ಇಲ್ಲದಿದ್ರ, ಬಿಳಿ ಹಾಕ್ಕೋರಿ. ನನಗ ಚಲೋ ಕಂಡದ್ದು ನಿಮಗೂ ಚಲೋ ಅಂತ ಹೇಳ್ಲಿಕ್ಕೆ ಬರಂಗಿಲ್ಲ, ಇದು ಚಾಳೀಸು ಇದ್ದಂಗ.

ಇನ್ನೊಂದು. ಮುಂಜಾನೆ ಬಿಳಿ ಇದ್ದ ಬೋರ್ಡ್ ಸಂಜಿಗೆ ತಾನೇ ಕರಿ ಆತು ಅಂತ ಕೆಲವರು ಗಾಬರಿ ಆಗ್ತಾರ. ಕೆಟ್ಟಿಲ್ಲ ಅದು. ಥೀಮ್ System auto ಇದ್ರ, ಫೋನ್ ರಾತ್ರಿ ಕರಿ ಆದಾಗ ಬೋರ್ಡೂ ಆಗ್ತದ. ಬ್ಯಾಡ ಅನಿಸಿದ್ರ ಮ್ಯಾಲೆ ಹೇಳಿದಂಗ ಒಂದು ಬಣ್ಣ ಖಾಯಂ ಮಾಡ್ರಿ.

ಆಮೇಲೆ ಕೀ ದೊಡ್ಡದು ಮಾಡೋದು. ಅದೇ Settings ಒಳಗ Preferences ಅಂತ ಅದ, ಅದರಾಗ Keyboard height. ವೈನಿ ಬೋರ್ಡ್ Short ಮ್ಯಾಲಿತ್ತು. ನಾ ಆಸಿಬುರುಕಿ, ಸೀದಾ Extra-tall ಗೆ ಹೋದೆ. ಕೀ ದೊಡ್ಡವಾದ್ವು ಖರೆ, ಆದ್ರ ಬೋರ್ಡೇ ಅರ್ಧ ಫೋನ್ ನುಂಗ್ತು. ಯಾರ ಮಾತಿಗೆ ಉತ್ತರ ಕೊಡ್ತೀವಿ ಅನ್ನೋದೇ ಕಾಣವಲ್ದು, ಅದನ್ನ ನೋಡ್ಲಿಕ್ಕೆ ಸಲಸಲ ಬೋರ್ಡ್ ಇಳಿಸಬೇಕಾತು. ಒಂದು ಮೆಟ್ಟಿಲು ಇಳಿದು Tall, ಅದಕ್ಕೂ ಇಳಿದು Mid-tall. ಅಲ್ಲಿಗೆ ಸರಿ ಹೋತು. ಲೆಕ್ಕ ಇಷ್ಟ: ಬೋರ್ಡ್ ತೆರೆದಾಗ ಮ್ಯಾಲೆ ಹಿಂದಿನ ಮೆಸೇಜ್ ಪೂರಾ ಓದ್ಲಿಕ್ಕೆ ಬರಬೇಕು, ಅಲ್ಲಿಗೆ ನಿಲ್ಲಿಸ್ರಿ. ಹೊಸ ಫೋನುಗಳಾಗ ನಾಲ್ಕು ಚೌಕದ ಗುರುತಿನೊಳಗ Resize ಅಂತನೂ ಇರ್ತದ, ಬೋರ್ಡಿನ ಅಂಚು ಹಿಡಿದು ಮ್ಯಾಲೆ ಜಗ್ಗಿದ್ರ ಆತು.

ಆದ್ರ ಇದರಿಂದ ಕೀ ಉದ್ದ ಆಗ್ತದ, ಅಗಲ ಆಗಂಗಿಲ್ಲ. ಫೋನಿನ ಅಗಲ ಎಷ್ಟದನೋ ಅಷ್ಟರಾಗೇ ಒಂದು ಸಾಲಿನ ಅಕ್ಷರ ಎಲ್ಲಾ ಕೂಡಬೇಕು. ಬೆರಳು ಬಾಜೂಕ ಬೀಳೋದು ಆದಕಾರಣ ಪೂರಾ ನಿಲ್ಲಂಗಿಲ್ಲ. ಅದಕ್ಕ ಮದ್ದು ಎರಡು. ಒಂದು, ಫೋನ್ ಅಡ್ಡ ಹಿಡಿಯೋದು, ಆವಾಗ ಕೀ ಅಗಲ ಆಗ್ತಾವ. ಎರಡನೇದು, Preferences ಒಳಗ Popup on keypress ಚಾಲೂ ಮಾಡೋದು. ಕೀ ಒತ್ತಿದಾಗ ಆ ಅಕ್ಷರ ಬೆರಳಿನ ಮ್ಯಾಲೆ ದೊಡ್ಡದಾಗಿ ಎದ್ದು ತೋರಿಸ್ತದ. ಧ ಬಿತ್ತೋ ದ ಬಿತ್ತೋ ಅಂತ ಆವಾಗಲೇ ಗೊತ್ತಾಗ್ತದ, ಕಳಿಸಿದ ಮ್ಯಾಲಲ್ಲ.

ಬೋರ್ಡ್ ಒಮ್ಮೊಮ್ಮೆ ಸಣ್ಣದಾಗಿ ಒಂದು ಮೂಲಿಗೆ ಸರದು ಕೂತಿರ್ತದ. ಅದೂ ಕೆಟ್ಟಿದ್ದಲ್ಲ, ಒಂದೇ ಕೈಲೆ ಬರೆಯೋರಿಗೆ ಮಾಡಿದ One-handed ಅನ್ನೋದು ಕೈತಪ್ಪಿ ಒತ್ತಿರ್ತೀರಿ. ಖಾಲಿ ಬಾಜೂದಾಗ ಅಗಲ ಮಾಡೋ ಗುರುತು ಇರ್ತದ, ಅದನ್ನ ಒತ್ತಿದ್ರ ಮೊದಲಿನಂಗ ಆಗ್ತದ.

ಎಲ್ಲಾ ಆದಮ್ಯಾಲೆ ಪರೀಕ್ಷಾ ಮಾಡಿದ್ವಿ. "ಧಾರವಾಡದ ಫೇಡೆ, ಭಾಳ ಹರ್ಷ, ಧನ್ಯವಾದ" ಅಂತ ಬರೀರಿ ಅಂದೆ. ಮೊದಲು ಫೋಟೋ ಬೋರ್ಡಿನ ಮ್ಯಾಲೆ ಇದನ್ನೇ ಬರೆಸಿದ್ದೆ, ನಾಲ್ಕು ತಪ್ಪು ಆಗಿದ್ವು. ಈಗ ಒಂದೇ ತಪ್ಪು, ಅದನ್ನೂ ಕಳಿಸೋದರೊಳಗ ತಾವೇ ತಿದ್ದಿದ್ರು. ನೀವೂ ಇಂಥಾ ಗೀಟಿನ ಅಕ್ಷರ ಇರೋ ಒಂದು ಸಾಲು ಬರೆದು ನೋಡ್ರಿ, ಬೋರ್ಡ್ ಸರಿ ಅದನೋ ಇಲ್ಲೋ ಅಲ್ಲೇ ತಿಳೀತದ. ಬರೆದ ಮ್ಯಾಲೆ ಮೆಸೇಜಿನ ಅಕ್ಷರ ಸಣ್ಣ ಕಾಣ್ತಾವ ಅಂದ್ರ ಅದು ಕೀಬೋರ್ಡಿನ ಕೆಲಸಲ್ಲ. ವಾಟ್ಸ್ಯಾಪಿನ Settings ಒಳಗ Chats, ಅದರಾಗ Font size ಅಂತ ಬ್ಯಾರೆನೇ ಅದ.

"ಇಷ್ಟೆಲ್ಲಾ ಯಾಕ, ಮಾತಾಡಿ ಕಳಿಸಿದ್ರಾತು" ಅಂತ ಮನಿ ಹುಡುಗ್ರು ಅಂತಾವ. ಮಾತಾಡಿ ಕಳಿಸಿದ ಚಟ್ನಿಪುಡಿ ಅಳತಿ ಆರು ತಿಂಗಳ ಆದಮ್ಯಾಲೆ ಹುಡುಕಿ ತೆಗೀರಿ ನೋಡೋಣ. ಬರೆದದ್ದು ಸಿಗ್ತದ. ಮತ್ತ ಬರೀಲಿಕ್ಕೆ ಬರೋರು ಕಾಣದ್ದಕ್ಕ ಬಿಟ್ಟುಕೊಡೋದು ನನಗೇನೂ ಚಲೋ ಅನಸಂಗಿಲ್ಲ.

ಮೊಮ್ಮಗಳ ಫೋಟೋ ಎಲ್ಲಿ ಹೋತು ಅಂತೀರೇನು? ಫೋನ್ ತೆರೆದ ಕೂಡಲೇ ಕಾಣೋ ಹಂಗ ಮುಂದಿನ ಪರದೆ ಮ್ಯಾಲೆ ಇಟ್ಟೇವಿ. ಅಲ್ಲಿ ಯಾವ ಅಕ್ಷರಕ್ಕೂ ಅಡ್ಡ ಬರಂಗಿಲ್ಲ ಅಕಿ.

ಅಕ್ಕ-ತಂಗ್ಯಾರ, ಗ್ರೂಪಿನ್ಯಾಗ ಯಾರರೇ ತಪ್ಪು ಬರೆದ್ರ ಮೊದಲು ನಗೋ ಮುಖ ಒತ್ತಬ್ಯಾಡ್ರಿ. ಅವರ ಮನಿಗೆ ಹೋದಾಗ ಒಮ್ಮೆ ಅವರ ಕೀಬೋರ್ಡ್ ನೋಡ್ರಿ. ನಿನ್ನೆ ರಾತ್ರಿ ವೈನಿ ಗ್ರೂಪಿಗೆ ಹಾಕಿದ್ದು ಓದಿದ್ರೇನು? "ಧ ಸಿಕ್ತು. ಎಲ್ಲರಿಗೂ ಧನ್ಯವಾದ" ಅಂತ. ಅದಕ್ಕ ಬರೇ ಹೆಬ್ಬೆಟ್ಟು ಒತ್ತಿ ಬಿಡಬ್ಯಾಡ್ರಿ, ನಾಲ್ಕು ಅಕ್ಷರ ಬರೀರಿ.