ಬೆನ್ನಿನ ಒಂದೇ ಜಾಗ, ದಿನವೂ ಅದೇ ಕೆರೆತ

ಪ್ರತಿ ತಿಂಗಳು ಈ ಅಂಕಣದಲ್ಲಿ ತೆರಿಗೆ, ವಿಮೆ, ಊರಿಗೆ ಕಳಿಸೋ ದುಡ್ಡು ಅಂತ ಬರೀತಿದ್ವಿ. ಈ ಸಲ ನಮ್ಮ ಬೆನ್ನಿನ ಲೆಕ್ಕ. ನಾವು ಬಿಕಾಂ ಓದಿದವರು, ವೈದ್ಯರಲ್ಲ. ಆದ್ರೆ ನಾಲ್ಕು ತಿಂಗಳು ಅನುಭವಿಸಿದ್ದು ಯಾರಿಗಾದ್ರೂ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀವಿ.

ನವೆಂಬರ್‌ನಲ್ಲಿ ಶುರುವಾಯ್ತು. ಎಡ ಭುಜದ ಹಲಗೆ ಮೂಳೆ, ಊರ ಕಡೆ ರೆಕ್ಕೆ ಮೂಳೆ ಅಂತಾರಲ್ಲ, ಅದಕ್ಕೂ ಬೆನ್ನುಹುರಿಗೂ ನಡುವೆ ಅಂಗೈಯಷ್ಟು ಜಾಗ. ಅಲ್ಲಿ ತುರಿಕೆ, ಜೊತೆಗೆ ಬಿಸಿ ತಾಗಿದ ಹಾಗೆ ಉರಿ. ಕೈ ಅಲ್ಲಿಗೆ ಸರಿಯಾಗಿ ಎಟುಕೋದೂ ಇಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿದ್ವಿ, ಬಾಚಣಿಗೆ ಹಿಡಿದು ಕೆರೆದ್ವಿ. ಎರಡು ನಿಮಿಷ ಹಾಯ್ ಅನ್ಸುತ್ತೆ, ಆಮೇಲೆ ಮೊದಲಿಗಿಂತ ಜಾಸ್ತಿ. ಕನ್ನಡಿಯಲ್ಲಿ ನೋಡಿದ್ರೆ ಏನೂ ಇಲ್ಲ. ಗುಳ್ಳೆ ಇಲ್ಲ, ಕೆಂಪು ಇಲ್ಲ.

ವಾಗೆನಿಂಗನ್‌ನ ಚಳಿಗೆ, ಮನೆಯ ಹೀಟರಿಗೆ ಚರ್ಮ ಒಣಗಿರಬೇಕು ಅಂದ್ಕೊಂಡು ಲೋಷನ್ ಹಚ್ಚಿದ್ವಿ. ಅಲರ್ಜಿ ಇರಬಹುದು ಅಂತ ಸೆಟಿರಿಜಿನ್ ಮಾತ್ರೆ ತಗೊಂಡ್ವಿ. ಎರಡರಿಂದಲೂ ಏನೂ ಆಗಲಿಲ್ಲ. ಅಷ್ಟರಲ್ಲಿ ಮನೆ ಹಂಚಿಕೊಂಡಿರೋ ಹಾಸನದ ಹುಡುಗ ಒಂದು ರಾತ್ರಿ ಹಿಂಜರೀತಾ ಕೇಳಿದ: "ಅಣ್ಣ, ತಪ್ಪು ತಿಳ್ಕೋಬೇಡಿ, ಇದು ಕಜ್ಜಿ ಅಲ್ವಾ ತಾನೇ?" ಅವನ ಭಯ ಸುಳ್ಳಲ್ಲ. ಈಚಿನ ವರ್ಷಗಳಲ್ಲಿ ಈ ದೇಶದಲ್ಲಿ ಕಜ್ಜಿ ಹೆಚ್ಚಾಗಿದೆ, ಒಂದೇ ಮನೆಯಲ್ಲಿ ಹಲವರು ಇರೋ ಕಡೆ ಬೇಗ ಹರಡುತ್ತೆ. ಅವತ್ತಿಂದ ಅವನು ಸೋಫಾದಲ್ಲಿ ನಮ್ಮ ಪಕ್ಕ ಕೂರಲಿಲ್ಲ. ನಾವು ಹಾಸಿಗೆ ಹೊದಿಕೆ ಎಲ್ಲ 60 ಡಿಗ್ರಿಯಲ್ಲಿ ಒಗೆದ್ವಿ. ಕೆರೆತಕ್ಕಿಂತ ಈ ಸಂಕೋಚವೇ ಜಾಸ್ತಿ ಕಷ್ಟ ಕೊಟ್ಟಿದ್ದು.

ಹೌಸ್‌ಆರ್ಟ್ಸ್ ಹತ್ರ, ಅಂದ್ರೆ ಇಲ್ಲಿನ ಮನೆವೈದ್ಯರ ಹತ್ರ, ಮೊದಲ ಸಲ ಹೋದಾಗ ಬರೀ "ಮೈ ತುರಿಸುತ್ತೆ" ಅಂದ್ವಿ. ಹತ್ತು ನಿಮಿಷದ ಭೇಟಿ. ಚರ್ಮ ಒಣಗಿದೆ, ಜಿಡ್ಡಿನ ಮುಲಾಮು ಹಚ್ಚಿ ಅಂತ ಕಳಿಸಿದ್ರು. ನಾವು ಕೊಟ್ಟ ಮಾಹಿತಿಯೇ ಅಷ್ಟಿತ್ತು.

ಫೆಬ್ರವರಿಯಲ್ಲಿ ಎರಡನೇ ಸಲ ಹೋಗೋಕೆ ಮುಂಚೆ ಒಂದು ವಾರ ಬರೆದಿಟ್ವಿ. ಜಾಗ ಯಾವುದು, ಎಷ್ಟು ಹೊತ್ತಿಗೆ ಶುರು, ಏನು ಮಾಡಿದ್ರೆ ಕಡಿಮೆ. ಆ ಹುಡುಗನ ಕೈಲೇ ಪೆನ್ನಿನಲ್ಲಿ ಜಾಗದ ಸುತ್ತ ಗೆರೆ ಎಳೆಸಿ ಫೋಟೋ ತೆಗೆಸಿದ್ವಿ. ವಾರದ ಕೊನೆಗೆ ನಾಲ್ಕು ವಿಷಯ ಗೊತ್ತಾಯ್ತು. ಜಾಗ ಒಂದಿಂಚೂ ಬದಲಾಗಿಲ್ಲ. ಬಲಗಡೆ ಏನೂ ಇಲ್ಲ. ಆಡಿಟ್ ಕೆಲಸಕ್ಕೆ ಬಗ್ಗಿ ಕೂತ ದಿನ ಸಂಜೆ ಜಾಸ್ತಿ. ತಣ್ಣನೆ ಬಟ್ಟೆ ಇಟ್ರೆ ಸ್ವಲ್ಪ ಆರಾಮ.

ಚೀಟಿ ನೋಡಿ ಡಾಕ್ಟರು ಮೊದಲು ಬೆರಳ ಸಂದು, ಮಣಿಕಟ್ಟು ನೋಡಿದ್ರು. ಕಜ್ಜಿ ಇದ್ರೆ ಸಾಮಾನ್ಯವಾಗಿ ಅಲ್ಲಿ ಗುರುತು ಇರುತ್ತೆ, ಮನೆಯ ಬೇರೆಯವರಿಗೂ ತುರಿಕೆ ಇರುತ್ತೆ. ನಮಗೆ ಎರಡೂ ಇರಲಿಲ್ಲ. ಆಮೇಲೆ ಬೆನ್ನಿಗೆ ಹತ್ತಿ ಮುಟ್ಟಿಸಿ, ಕಡ್ಡಿಯ ಚೂಪು ತುದಿ ತಾಗಿಸಿದ್ರು. ಗೆರೆಯ ಹೊರಗೆ ಚುರುಕ್ ಅಂತು, ಒಳಗೆ ಮಂದ. ಅಷ್ಟು ಹೊತ್ತಿಗೆ ಅಲ್ಲಿ ತೆಳುವಾಗಿ ಕಪ್ಪು ಕಲೆಯೂ ಬಂದಿತ್ತು. ಅದು ರೋಗದ ಕಲೆ ಅಲ್ಲ, ನಾವೇ ಕೆರೆದು ಮಾಡ್ಕೊಂಡಿದ್ದು.

ಇದಕ್ಕೆ ನೊಟಾಲ್ಜಿಯಾ ಪ್ಯಾರೆಸ್ತೆಟಿಕಾ ಅಂತ ಹೆಸರು. ರಷ್ಯಾದ ನರವೈದ್ಯ ಅಸ್ತ್ವತ್ಸತೂರೊವ್ 1934ರಲ್ಲಿ ಇಟ್ಟ ಹೆಸರು. ಇದು ಚರ್ಮದ ರೋಗ ಅಲ್ಲ, ನರದ ತೊಂದರೆ. ಬೆನ್ನುಹುರಿಯಿಂದ ಎದೆ ಮಟ್ಟದಲ್ಲಿ, ಹೆಚ್ಚಾಗಿ ಎರಡರಿಂದ ಆರನೇ ಜೋಡಿ ನರಗಳ ಕವಲುಗಳು ಬೆನ್ನಿನ ಸ್ನಾಯುವನ್ನು ಹೆಚ್ಚುಕಡಿಮೆ ನೇರ ಕೋನದಲ್ಲಿ ತೂರಿ ಚರ್ಮಕ್ಕೆ ಬರುತ್ತವೆ. ಆ ದಾರಿಯಲ್ಲಿ ಅಥವಾ ಬೆನ್ನುಮೂಳೆಯ ಹತ್ರ ನರ ಒತ್ತಿಕೊಂಡ್ರೆ ಚರ್ಮ ಚೆನ್ನಾಗಿದ್ರೂ ಮೆದುಳಿಗೆ "ತುರಿಕೆ" ಅಂತ ಸುದ್ದಿ ಹೋಗುತ್ತೆ ಅನ್ನೋದು ಈಗಿನ ತಿಳುವಳಿಕೆ. ನಮ್ಮ ಕಸುಬಿನವರಿಗೆ ಇದು ಬೇಗ ಅರ್ಥ ಆಗುತ್ತೆ. ವ್ಯತ್ಯಾಸ ಕಾಣೋದು ಟ್ರಯಲ್ ಬ್ಯಾಲೆನ್ಸ್‌ನಲ್ಲಿ, ತಪ್ಪು ಇರೋದು ಡೇ ಬುಕ್ಕಿನಲ್ಲಿ. ಚರ್ಮಕ್ಕೆ ಹಚ್ಚಿದ ಲೋಷನ್, ನುಂಗಿದ ಅಲರ್ಜಿ ಮಾತ್ರೆ ಕೆಲಸ ಮಾಡದೇ ಇದ್ದದ್ದು ಅದಕ್ಕೇ. ಇದು ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಯಾರಿಗೂ ಅಂಟಲ್ಲ.

ಡಾಕ್ಟರು ಬರೆದುಕೊಟ್ಟಿದ್ದು ಕ್ಯಾಪ್ಸೈಸಿನ್ ಮುಲಾಮು. ಮೆಣಸಿನಕಾಯಿಗೆ ಖಾರ ಕೊಡೋ ಅಂಶವೇ ಅದು. ಮೊದಲು ನರದ ತುದಿಯನ್ನು ಉರಿಸಿ, ದಿನಾ ಹಚ್ಚುತ್ತಾ ಹೋದ್ರೆ ಅದನ್ನು ಮಂದ ಮಾಡುತ್ತೆ. ಮೊದಲ ವಾರ ಚೆನ್ನಾಗಿ ಉರೀತು. ಎರಡು ದಿನಕ್ಕೇ ಬಿಟ್ಟವರಿಗೆ ಬರೀ ಉರಿ ಸಿಗುತ್ತೆ, ಗುಣ ಸಿಗಲ್ಲ. ಕೆರೆದು ಗಾಯ ಆದ ಜಾಗಕ್ಕೆ ಹಚ್ಚಬಾರದು, ಬಿಸಿನೀರು ಸ್ನಾನದ ಹಿಂದೆ ಮುಂದೆ ಹಚ್ಚಬಾರದು, ಹಚ್ಚಿದ ಕೈ ಸೋಪಿನಲ್ಲಿ ತೊಳೀದೇ ಕಣ್ಣು ಮುಟ್ಟಬಾರದು. ಒಂಟಿ ಇರೋರು ಮರದ ಸೌಟಿನ ಹಿಂಬದಿಗೆ ಪ್ಲಾಸ್ಟಿಕ್ ಸುತ್ತಿ ಹಚ್ಕೋಬಹುದು, ನಾವು ಹಾಗೇ ಮಾಡಿದ್ವಿ. ಮನೆಯ ಬ್ಯಾಡಗಿ ಮೆಣಸು ಅರೆದು ಹಚ್ಚೋ ಸಾಹಸ ಮಾತ್ರ ಬೇಡ, ಅದರ ಅಳತೆ ಯಾರಿಗೂ ಗೊತ್ತಿರಲ್ಲ, ಚರ್ಮ ಸುಟ್ಟೀತು.

ನಾಲ್ಕು ವಾರಕ್ಕೆ ರಾತ್ರಿ ನಿದ್ದೆ ಬರೋಕೆ ಶುರುವಾಯ್ತು. ಪೂರ್ತಿ ಹೋಗಿದೆ ಅಂತ ಹೇಳಲ್ಲ. ಮುಲಾಮು ನಿಲ್ಲಿಸಿದ್ರೆ ಎಷ್ಟೋ ಜನಕ್ಕೆ ವಾಪಸ್ ಬರುತ್ತೆ, ಎಲ್ಲರಿಗೂ ಕೆಲಸ ಮಾಡೋ ಔಷಧ ಇನ್ನೂ ಇಲ್ಲ. ಮುಲಾಮಿಗೆ ಬಗ್ಗದಿದ್ರೆ ಗ್ಯಾಬಪೆಂಟಿನ್ ಥರದ ನರದ ಮಾತ್ರೆ ಕೊಡ್ತಾರೆ. ಅದು ತೂಕಡಿಕೆ ತರುತ್ತೆ. ಗಾಡಿ ಓಡಿಸೋರು, ಯಂತ್ರದ ಮುಂದೆ ನಿಲ್ಲೋರು ತಮ್ಮ ಕೆಲಸ ಏನು ಅಂತ ಡಾಕ್ಟರಿಗೆ ಮೊದಲೇ ಹೇಳಿ. ಬೆನ್ನು ಭುಜದ ವ್ಯಾಯಾಮದಿಂದ ಕೆಲವರಿಗೆ ಗುಣ ಕಂಡಿದೆ. ನಾವು ಗಂಟೆಗೊಮ್ಮೆ ಎದ್ದು ಭುಜ ತಿರುಗಿಸ್ತೀವಿ, ಎರಡು ಕೈ ಎದುರಿಗೆ ಕಟ್ಟಿ ಬೆನ್ನು ಚಾಚ್ತೀವಿ. ಹೀರೆ ನಾರು, ಬಾಚಣಿಗೆ ಎರಡನ್ನೂ ಬೆನ್ನಿಂದ ದೂರ ಇಟ್ಟಿದ್ದೀವಿ. ವರ್ಷಗಟ್ಟಲೆ ಉಜ್ಜಿದ್ರೆ ಕಲೆ ದಪ್ಪವಾಗಿ ನಿಂತುಬಿಡುತ್ತೆ.

ಖರ್ಚಿನ ವಿಷಯ ಹೇಳದೇ ಬಿಟ್ರೆ ನಮ್ಮ ಅಂಕಣ ಅನ್ನಿಸ್ಕೊಳ್ಳಲ್ಲ. ಹೌಸ್‌ಆರ್ಟ್ಸ್ ಭೇಟಿ ವಿಮೆಯ ಐಖನ್ ರೀಸಿಕೊಗೆ, ಅಂದ್ರೆ ನಾವೇ ಮೊದಲು ಕಟ್ಟಬೇಕಾದ ಮೊತ್ತಕ್ಕೆ, ಸೇರಲ್ಲ. ದುಡ್ಡಿನ ಭಯಕ್ಕೆ ಎರಡನೇ ಸಲ ಹೋಗದೇ ಇರಬೇಡಿ. ರಕ್ತಪರೀಕ್ಷೆ, ವಿಮೆಯಲ್ಲಿ ಬರೋ ಔಷಧ, ಆಸ್ಪತ್ರೆಯ ತಜ್ಞರು ಇವೆಲ್ಲ ಸೇರುತ್ತವೆ. 2025ರಲ್ಲಿ ಆ ಮೊತ್ತ 385 ಯೂರೋ. ಫಿಸಿಯೋ ಹತ್ರ ಚೀಟಿ ಇಲ್ಲದೇ ನೇರ ಹೋಗಬಹುದು, ಆದ್ರೆ ದೊಡ್ಡವರಿಗೆ ಮೂಲ ವಿಮೆಯಲ್ಲಿ ಸಾಮಾನ್ಯವಾಗಿ ಬರಲ್ಲ. ಹೆಚ್ಚುವರಿ ವಿಮೆ ಇದೆಯಾ ನೋಡ್ಕೊಂಡು ಹೋಗಿ.

ಒಂದು ಎಚ್ಚರಿಕೆ. ಒಂದೇ ಕಡೆ ಉರಿ ಬಂದು ಕೆಲವೇ ದಿನದಲ್ಲಿ ಸಾಲಾಗಿ ಗುಳ್ಳೆ ಎದ್ರೆ ಅದು ಸರ್ಪಸುತ್ತು, ಗುಳ್ಳೆ ಕಂಡ ದಿನವೇ ಫೋನ್ ಮಾಡಿ. ಮೈಯೆಲ್ಲ ತುರಿಕೆ ಇದ್ರೆ ಲಿವರ್, ಕಿಡ್ನಿ, ಥೈರಾಯ್ಡ್ ನೋಡಿಸಬೇಕು. ಕೈಕಾಲು ಶಕ್ತಿ ಕುಂದಿದ್ರೆ, ಮೂತ್ರ ಹತೋಟಿ ತಪ್ಪಿದ್ರೆ ಕಾಯಬೇಡಿ. ಬೆನ್ನು ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರು ಕಟ್ಟೋದು ಇದ್ರೆ 112.

ಡಚ್ಚು ಬಾರದಿದ್ರೂ ಪರವಾಗಿಲ್ಲ. ಜಾಗ ಗುರುತು ಮಾಡಿದ ಫೋಟೋ ಒಯ್ದು, ಫೋನಿನಲ್ಲಿ notalgia paresthetica ಅಂತ ಟೈಪ್ ಮಾಡಿ "ಇದು ಇರಬಹುದಾ?" ಅಂತ ಕೇಳಿ. ನಾವು ಮನೆಗೆ ಬಂದು ಅದೇ ಫೋಟೋ, ಅದೇ ಹೆಸರು ಹಾಸನದ ಹುಡುಗನಿಗೆ ತೋರಿಸಿದ್ವಿ. ಓದಿ ನೋಡಿ, ಎರಡು ಲೋಟ ಕಾಫಿ ಮಾಡ್ಕೊಂಡು ಬಂದು ಸೋಫಾದಲ್ಲಿ ಪಕ್ಕದಲ್ಲೇ ಕೂತ.