“ಮೂರನೇದು ನಡದೈತಿ” ಅಂದ್ರ ಮೂರು ತುಂಬಿಲ್ಲ

📷 ಫೋಟೋ 1/5
“ಹುಡುಗ ಭಾಳ ಶ್ಯಾಣ್ಯಾ ಅದಾನ, ಆಡ್ತಾನ ತಗೊಳ್ರಿ.” ಆಟಿಕೆ ಅಂಗಡಿಯಲ್ಲಿ ಈ ಮಾತು ಕೇಳದೇ ಹೊರಗ ಬಂದವರು ಯಾರಾದ್ರೂ ಇದ್ದೀರೇನ್ರಿ? ಇವತ್ತಿನ ಐದೂ ಫೋಟೋ ಈ ಮಾತಿನ ವಿರುದ್ಧ.

ಯಂಕಂಚಿಯ ನಮ್ಮ ಕಾಕಾ ಸಿಂದಗಿ ಬಜಾರದಾಗ ನಿಂತು ಈ ಡಬ್ಬಿಯ ಫೋಟೋ ಕಳಿಸಿದ್ರು. ಜೋಡಿಸಿ ಮನೆ ಕಟ್ಟುವ ಪ್ಲಾಸ್ಟಿಕ್ ಆಟಿಕೆ, ಒಳಗ ಪುಟ್ಟ ಗೊಂಬೆ, ಪುಟ್ಟ ಗಾಲಿ. ಮೊಮ್ಮಗನ ಜವಳಕ್ಕ ಉಡುಗೊರೆ. “ತಮ್ಮಾ, ಇಂಗ್ಲಿಷ್‌ನಾಗ ಏನೋ ಬರದಾರ. ಬರದಿದ್ದಷ್ಟ ಹೇಳು, ನಿಂದೇನೂ ಸೇರಸಬ್ಯಾಡ” ಅಂದ್ರು. ಕಾಕಾ ಕೇಳಿದ್ದೇ ಸರಿ.

📷 ಫೋಟೋ 2/5
ಡಬ್ಬಿ ಮ್ಯಾಲ ಇದ್ದದ್ದು: “ವಾರ್ನಿಂಗ್: ಚೋಕಿಂಗ್ ಹಜಾರ್ಡ್. ಸ್ಮಾಲ್ ಪಾರ್ಟ್ಸ್. ನಾಟ್ ಫಾರ್ ಚಿಲ್ಡ್ರನ್ ಅಂಡರ್ 3 ಇಯರ್ಸ್.”
ಬರೆದಷ್ಟೇ ಕನ್ನಡ: “ಎಚ್ಚರಿಕೆ: ಗಂಟಲಲ್ಲಿ ಸಿಕ್ಕು ಉಸಿರು ಕಟ್ಟುವ ಅಪಾಯ. ಸಣ್ಣ ಭಾಗಗಳಿವೆ. 3 ವರ್ಷ ತುಂಬದ ಮಕ್ಕಳಿಗೆ ಅಲ್ಲ.”

‘ಗಂಟಲಲ್ಲಿ ಸಿಕ್ಕು’ ಅನ್ನೋದನ್ನ ಬಿಟ್ಟು ಬರೀ ‘ಉಸಿರುಗಟ್ಟುವ ಅಪಾಯ’ ಅಂದಿದ್ರ ಏನಾಗ್ತಿತ್ತು? ಕಾಕಾ ಅದನ್ನ ಪ್ಲಾಸ್ಟಿಕ್ ಚೀಲ ಮುಖಕ್ಕ ಅಂಟೋ ಮಾತು ಅಂದ್ಕೊಂಡು, ಚೀಲ ಒಂದನ್ನ ಎಸೆದು ಗಾಲಿಗಳನ್ನ ಕೂಸಿನ ಕೈಗೆ ಕೊಡ್ತಿದ್ರು. ಅಪಾಯ ಇರೋದು ಗಾಲಿಯಲ್ಲಿ.

ಇನ್ನೊಂದು ಮಾತು: “3ರೊಳಗಿನವರಿಗೆ ಅಷ್ಟು ಚಲೋ ಅಲ್ಲ” ಅಂತ ಮೆತ್ತಗ ಮಾಡಿ ಹೇಳಬ್ಯಾಡ್ರಿ. ಅಲ್ಲಿರೋದು ‘ಅಲ್ಲ’ ಅಂತ. ‘ಅಲ್ಲ’ ಅಂತಲೇ ಹೇಳ್ರಿ.

📷 ಫೋಟೋ 3/5
“ಹಂಗಾದ್ರ ಆತು ಬಿಡು, ಹುಡುಗಗ ಮೂರನೇದು ನಡದೈತಿ” ಅಂದ್ರು ಕಾಕಾ.

ನಾವು ವಯಸ್ಸು ಹೇಳೋದೇ ಹಿಂಗ. ಮೂರನೇದು ನಡದೈತಿ ಅಂದ್ರ ತುಂಬಿದ್ದು ಎರಡು. ಲೆಕ್ಕ ಹಾಕಿದ್ರ ಹುಡುಗಗ 2 ವರ್ಷ 4 ತಿಂಗಳು. ಡಬ್ಬಿಯ ಲೆಕ್ಕಕ್ಕ ಇನ್ನೂ 8 ತಿಂಗಳು ಕಮ್ಮಿ. ಅನುವಾದದಾಗ ‘3 ವರ್ಷದೊಳಗಿನ’ ಅಂತ ಬರೆದ್ರೂ ಈ ಗೊಂದಲ ಉಳೀತದ. ಅದಕ್ಕ ‘3 ವರ್ಷ ತುಂಬದ’ ಅಂತಲೇ ಬರೀಬೇಕು. ಕೊಳ್ಳುವವರೂ ‘ಎಷ್ಟನೇದು ನಡದೈತಿ’ ಅಂತ ಕೇಳದೇ ಹುಟ್ಟಿದ ತಾರೀಖು ಕೇಳಬೇಕು.

📷 ಫೋಟೋ 4/5
ಈಗ ‘ಶ್ಯಾಣ್ಯಾ’ ಮಾತಿಗೆ ಬರೋಣ. ಇಂಥ ಎಚ್ಚರಿಕೆಯ ಜೊತಿಗಿರೋ 3+ ಬುದ್ಧಿಯ ಪರೀಕ್ಷೆ ಅಲ್ಲ, ಗಂಟಲಿನ ಲೆಕ್ಕ. ಪರೀಕ್ಷಾಲಯದಾಗ ಒಂದು ಪುಟ್ಟ ಕೊಳವಿ ಇರ್ತದ. ಅಗಲ 31.7 ಮಿ.ಮೀ., ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಒತ್ತದೇ ಇಟ್ಟಾಗ ಒಂದು ಭಾಗ ಪೂರ್ತಿ ಅದರೊಳಗ ಮುಳುಗಿದ್ರ ಅದು ‘ಸಣ್ಣ ಭಾಗ’. 3 ತುಂಬದವರ ಆಟಿಕೆಯಲ್ಲಿ ಅಂಥದ್ದು ಇರಬಾರದು, ಕೆಡವಿ ಎಳೆದು ನೋಡಿದಾಗ ಕಿತ್ತು ಬರಲೂಬಾರದು. ಕೂಸು ಎಷ್ಟೇ ಶ್ಯಾಣ್ಯಾ ಆಗಿದ್ರೂ ಅದರ ಗಂಟಲು ಶ್ಯಾಣ್ಯಾ ಆಗೂದಿಲ್ಲ. ಆ ವಯಸ್ಸಿನಾಗ ಕೈಗೆ ಸಿಕ್ಕಿದ್ದು ಬಾಯಿಗೇ ಹೋಗೋದು.

ಕಿಸೆಯಲ್ಲಿ 10 ರೂಪಾಯಿ ನಾಣ್ಯ ಐತಿಲ್ರಿ? ಅದರ ಅಗಲ 27 ಮಿ.ಮೀ. ಆ ನಾಣ್ಯದ ಹಿಂದ ಅಡಗುವ ಗಾಲಿ, ಗುಂಡಿ, ಗೊಂಬೆಯ ಟೊಪ್ಪಿಗೆ ಕಂಡ್ರ ಡಬ್ಬಿ ಕೆಳಗಿಡ್ರಿ. ಆದ್ರ ಅಡಗದಿದ್ರ ಸುರಕ್ಷಿತ ಅಂತ ತಿಳೀಬ್ಯಾಡ್ರಿ. ನಾಣ್ಯಕ್ಕಿಂತ ದೊಡ್ಡದೂ ಆ ಕೊಳವಿಯೊಳಗ ಹೋಗಬಹುದು. ಚೆಂಡಿನ ಅಳತೆಯಂತೂ ಇನ್ನೂ ದೊಡ್ಡದು, 44.5 ಮಿ.ಮೀ.

📷 ಫೋಟೋ 5/5
ಅಂಗಡಿಯವರ ಕಡೀ ಮಾತು: “ಐಎಸ್ಐ ಮಾರ್ಕ್ ಐತ್ರಿ, ಏನೂ ಆಗೂದಿಲ್ಲ.” 2021ರ ಜನವರಿ 1ರಿಂದ ಆಟಿಕೆಗೆ ಆ ಮಾರ್ಕ್ ಕಡ್ಡಾಯ, ಖರೆ. ಇರಲೇಬೇಕು. ಆದ್ರ ಮಾರ್ಕ್ ಹೇಳೋದು, ಡಬ್ಬಿ ಮ್ಯಾಲ ಬರೆದ ವಯಸ್ಸಿನ ಮಕ್ಕಳಿಗೆ ಇದು ನಿಯಮದಂತೆ ಐತಿ ಅಂತ. 2 ವರ್ಷ 4 ತಿಂಗಳಿನ ಕೂಸಿಗೆ ಅದು ಯಾವ ಭರವಸೆಯನ್ನೂ ಕೊಟ್ಟಿಲ್ಲ.

ಈ ಒಂದು ಸಾಲು ಕನ್ನಡದಾಗ ಯಾಕಿಲ್ಲ? ಪೊಟ್ಟಣದ ಬೆಲೆ, ಪ್ರಮಾಣದ ವಿವರಕ್ಕೇ 2011ರ ಕೇಂದ್ರ ನಿಯಮ ಕೇಳೋದು ಹಿಂದಿ ಇಲ್ಲವೇ ಇಂಗ್ಲಿಷ್. ಬೇರೆ ಭಾಷೆ ಸೇರಿಸಬಹುದು, ಸೇರಿಸಲೇಬೇಕಂತಿಲ್ಲ. ಮಾರೋದು ನಮ್ಮೂರಾಗ, ಎಚ್ಚರಿಕೆ ಮಾತ್ರ ನಮಗ ಓದಾಕ ಬರದ ಭಾಷೆಯಾಗ! ಡಬ್ಬಿ ಮ್ಯಾಲ ಸಿನಿಮಾ ಹೀರೋನ ಚಿತ್ರಕ್ಕ ಜಾಗ ಐತಿ, ಎಂಟು ಹತ್ತು ಕನ್ನಡ ಪದಕ್ಕ ಇಲ್ಲೇನು? ಅದು ಬರೋತನಕ ಓದಿ ಹೇಳುವವರ ಮ್ಯಾಲ ಭಾರ ಐತಿ: ಬರೆದಷ್ಟೇ ಹೇಳ್ರಿ, ಕಮ್ಮಿ ಮಾಡಬ್ಯಾಡ್ರಿ.

ಕಾಕಾ ಆ ಡಬ್ಬಿ ವಾಪಸ್ ಇಟ್ಟು, ‘18 ತಿಂಗಳು+’ ಅಂತಿದ್ದ ಒಂದೇ ತುಂಡಿನ ದೊಡ್ಡ ಲಾರಿ ತಂದ್ರು. ಹುಡುಗ ಅದರಾಗ ಮಣ್ಣು ತುಂಬಲಿಕತ್ತಾನ.

ನಿಮ್ಮ ಮನಿಯಾಗಿನ ಡಬ್ಬಿ ಮ್ಯಾಲ ಏನ್ ಬರದೈತಿ? ಫೋಟೋ ಕಳಸ್ರಿ, ಬರೆದಷ್ಟು ಹೇಳ್ತೀನಿ.

#ಯಂಕಂಚಿ #ಸಿಂದಗಿ #ಬರೆದಷ್ಟೇಕನ್ನಡ #ಆಟಿಕೆ